ಪೋಸ್ಟರಿನಲ್ಲಿ ಇಲ್ಲದ ಎರಡನೆಯ ಸಾಲು

ಆ ಮೇಜಿನ ಮುಂದೆ ಒಂದೇ ಸ್ಟೂಲು. ಕಾಯುವವರಿಗೆ ಗೋಡೆಗೆ ಒರಗಿಸಿದ ಉದ್ದನೆಯ ಬೆಂಚು. ಸಂಜೆ ತರಗತಿಗಳು ಬಿಟ್ಟ ಮೇಲೆ ಬೆಂಚು ತುಂಬುತ್ತದೆ. ಒಬ್ಬೊಬ್ಬರ ಕೈಯಲ್ಲೂ ಎರಡು ಕಾಗದ: ಅಣಕು ಪರೀಕ್ಷೆಯ ಉತ್ತರ ಪತ್ರಿಕೆ, ಜೊತೆಗೆ ಗೀಚಿ ಲೆಕ್ಕ ಮಾಡಿದ ರಫ್ ಹಾಳೆ. ರಫ್ ಹಾಳೆ ಇಲ್ಲದೆ ಬಂದವರನ್ನು ಮೇಡಂ ವಾಪಸ್ಸು ಕಳಿಸುತ್ತಾರೆ. "ಉತ್ತರ ನೋಡೋಕೆ ಕೀ ಉತ್ತರದ ಪಟ್ಟಿ ಸಾಕು, ನಾನ್ಯಾಕೆ? ನೀವು ಯಾವ ದಾರೀಲಿ ಹೋದ್ರಿ ಅಂತ ನೋಡೋಕೆ ನಾನಿರೋದು."

ಪ್ರವೇಶ ಪರೀಕ್ಷೆಗಳಿಗೆ ಓದುವವರ ತಾರ್ಕಿಕ ಪ್ರಶ್ನೆಗಳನ್ನೂ ಕೋಷ್ಟಕ, ನಕ್ಷೆಗಳ ಲೆಕ್ಕಗಳನ್ನೂ ತಿದ್ದುವುದು ಅವರ ಕೆಲಸ. ಮಹಡಿಯ ಮೇಲಿನ ಈ ಕೋಣೆ ಅವರದೇ. ತಪ್ಪು ಉತ್ತರಕ್ಕೆ ಅವರು ಒಂದು ಸಣ್ಣ ಗೀಟು ಎಳೆದು ಕಾರಣ ಹೇಳಿ ಮುಂದೆ ಹೋಗುತ್ತಾರೆ. ಕೆಂಪು ಶಾಯಿಯೆಲ್ಲ ಸುರಿಯುವುದು ಸರಿಯಾದ ಉತ್ತರಗಳ ಮೇಲೆ. ನಿಧಾನವಾಗಿ ಬಂದ ಸರಿ, ಅದೃಷ್ಟದಿಂದ ಬಂದ ಸರಿ, ಕಾರಣ ಗೊತ್ತಿಲ್ಲದೆ ಬಂದ ಸರಿ, ಎಲ್ಲದರ ಪಕ್ಕದಲ್ಲೂ ಒಂದು ಟಿಪ್ಪಣಿ ಬೀಳುತ್ತದೆ. ಪ್ರತಿ ಟಿಪ್ಪಣಿಯೂ "ಸರಿ, ಆದ್ರೆ" ಎಂದು ಶುರುವಾಗುವುದರಿಂದ ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು 'ಆದ್ರೆ ಮೇಡಂ'.

ಒಂದು ಸಂಜೆಯ ಉದಾಹರಣೆ ಕೊಡಬಹುದು. ಒಂದು ಅಂಗಡಿಯ ಐದು ವರ್ಷದ ಮಾರಾಟ: 40, 52, 65, 78, 99. ಯಾವ ವರ್ಷ ಶೇಕಡಾವಾರು ಏರಿಕೆ ಅತಿ ಹೆಚ್ಚು? ಸ್ಟೂಲಿನ ಮೇಲೆ ಕೂತವನು ನಾಲ್ಕು ಭಾಗಾಕಾರ ಮಾಡಿ, ದಶಮಾಂಶದ ತನಕ ಹೋಗಿ, ಎರಡನೆಯ ವರ್ಷ ಎಂದು ಬರೆದಿದ್ದ.

"ಸರಿ, ಆದ್ರೆ ಅತಿ ಹೆಚ್ಚು ಯಾವುದು ಅಂತ ಕೇಳಿದಾರೆ. ಎಷ್ಟು ಅಂತ ಕೇಳಿದಾರಾ?"

"ಇಲ್ಲ ಮೇಡಂ."

"ಮತ್ತೆ? ನಲವತ್ತರ ಮೇಲೆ ಹನ್ನೆರಡು ಏರಿದೆ, ಶೇಕಡಾ ಮೂವತ್ತು. ಅದು ನಿನ್ನ ಅಳತೆಗೋಲು. ಆಮೇಲಿನ ಎರಡು ಸಲ ಹದಿಮೂರೇ ಏರಿದೆ, ಆದ್ರೆ ಕೆಳಗಿನ ಸಂಖ್ಯೆ ದಪ್ಪ ಆಗ್ತಾ ಹೋಗಿದೆ. ನೋಡೋದೇ ಬೇಡ. ಕೊನೇದು ಇಪ್ಪತ್ತೊಂದು. ಎಪ್ಪತ್ತೆಂಟರ ಶೇಕಡಾ ಮೂವತ್ತು ಎಷ್ಟು?"

"ಇಪ್ಪತ್ಮೂರು ಚಿಲ್ಲರೆ."

"ಇಪ್ಪತ್ತೊಂದು ಅದಕ್ಕಿಂತ ಕಡಿಮೆ. ಮುಗೀತು. ನೀನು ಒಂದು ಇಲಿ ಹಿಡಿಯೋಕೆ ಇಡೀ ಬೆಟ್ಟ ಅಗೆದಿದೀಯ."

ಬೆಂಚಿನ ಮೇಲಿದ್ದವರು ನಕ್ಕರು. ಮೇಡಂ ನಗಲಿಲ್ಲ. ಅವರು ನಗುವುದು ಅಪರೂಪ. ಅದಕ್ಕೆ ಕಾರಣವಾದ ಕಥೆ ಎದುರಿನ ಬೀದಿಯ ದೊಡ್ಡ ಕಟ್ಟಡದಲ್ಲಿದೆ.

ಆ ಕಟ್ಟಡದ ತರಬೇತಿ ಕೇಂದ್ರ ಅವರ ಅಕ್ಕನ ಗಂಡನದು. ಊರಿಗೆಲ್ಲ ಅವರು 'ಮೂವತ್ತು ಸೆಕೆಂಡ್ ಸರ್'. ಯಾವ ಲೆಕ್ಕ ಕೊಟ್ಟರೂ ಮೂವತ್ತು ಸೆಕೆಂಡಿನಲ್ಲಿ ಬಿಡಿಸುತ್ತೇನೆ ಎಂಬುದು ಅವರ ಸವಾಲು. ಮೇಡಮ್‌ಗೆ ಅವರು ಭಾವ. ಕೇಂದ್ರ ಶುರುವಾದಾಗ ಭಾವ ಹಲಗೆಯ ಮುಂದೆ ನಿಂತರು, ನಾದಿನಿ ಹಿಂದಿನ ಕೋಣೆಯಲ್ಲಿ ಕೂತರು. ಸಾವಿರಾರು ರಫ್ ಹಾಳೆ ತಿದ್ದಿದ ಕೈಗೆ ವಿದ್ಯಾರ್ಥಿಗಳು ಎಲ್ಲಿ ಸಮಯ ಕಳೆಯುತ್ತಾರೆ ಎಂದು ತಿಳಿಯಿತು. ಅದಕ್ಕೆ ತಕ್ಕ ಹತ್ತಿರದ ದಾರಿಗಳನ್ನು ಅವರು ಬರೆದುಕೊಟ್ಟರು. ಭಾವ ಅವನ್ನು ಹಲಗೆಯ ಮೇಲೆ ಆಡಿ ತೋರಿಸಿದರು. ಇದರಲ್ಲಿ ಯಾರಿಗೂ ಬೇಸರವಿರಲಿಲ್ಲ. ಭಾವನ ಮಾತಿಗೆ ನಿಜಕ್ಕೂ ಮೋಡಿಯಿತ್ತು. ಮಲಗಿದವನನ್ನೂ ಎಬ್ಬಿಸಿ ಲೆಕ್ಕ ಮಾಡಿಸುವ ಮನುಷ್ಯ ಎಂದು ಮೇಡಂ ಈಗಲೂ ಒಪ್ಪುತ್ತಾರೆ.

ಮನಸ್ಸು ಮುರಿದದ್ದು ಒಂದು ಸನ್ಮಾನದ ಸಭೆಯಲ್ಲಿ. ಪರೀಕ್ಷೆ ಗೆದ್ದ ಹುಡುಗಿಯೊಬ್ಬಳು ಮೈಕಿನಲ್ಲಿ, ಹಿಂದಿನ ಕೋಣೆಯ ಮೇಡಂಗೂ ವಂದನೆ ಎಂದಳು. ಭಾವ ಮೈಕು ತೆಗೆದುಕೊಂಡರು.

"ನಮ್ಮ ನಾದಿನಿ ಬಗ್ಗೆ ಹೇಳ್ತಿದಾಳೆ. ಜಾಣೆ, ಇಲ್ಲ ಅನ್ನಲ್ಲ. ಆದ್ರೆ ಒಂದು ಲೆಕ್ಕಕ್ಕೆ ಮೂರು ಷರತ್ತು ಹಾಕ್ತಾಳೆ. ಬಂದ ಗಂಡುಗಳಿಗೂ ಹಂಗೇ ಹಾಕಿದ್ಲು. ಅದಕ್ಕೇ ಇನ್ನೂ ಹಿಂದಿನ ಕೋಣೇಲೇ ಇದಾಳೆ!"

ಸಭಾಂಗಣ ನಕ್ಕಿತು. ಮೊದಲ ಸಾಲಿನಲ್ಲಿ ಕೂತಿದ್ದ ಅಕ್ಕ ತಲೆ ತಗ್ಗಿಸಿದರು, ಆದರೆ ಅವರ ಭುಜವೂ ನಗುವಿನಲ್ಲಿ ಅಲುಗಿದ್ದನ್ನು ತಂಗಿ ಕಂಡರು. ಮರುದಿನ ಮೇಡಂ ತಮ್ಮ ಪೆನ್ನು, ಕನ್ನಡಕದ ಡಬ್ಬಿ, ಕೂರುವ ದಿಂಬು ಎತ್ತಿಕೊಂಡು ಹೊರಬಂದರು. ಕೆಲವೇ ತಿಂಗಳಲ್ಲಿ ಎದುರು ಬೀದಿಯಲ್ಲಿ ಈ ಕೋಣೆ ಹಿಡಿದರು. ಕಿಟಕಿಯಿಂದ ಭಾವನ ಕಟ್ಟಡದ ಗೋಡೆ ಪೂರ್ತಿ ಕಾಣುತ್ತದೆ. ಕೋಣೆ ಹಿಡಿದದ್ದೇ ಆ ಕಿಟಕಿಗಾಗಿ.

ಒಂದು ದಿನ ಆ ಗೋಡೆಯ ಮೇಲೆ ಪೋಸ್ಟರು ಬಂತು. ಭಾವ ಬೆರಳು ಎತ್ತಿ ನಿಂತ ಚಿತ್ರ, ಕೆಳಗೆ ದಪ್ಪ ಅಕ್ಷರ: 'ಅಂಕಿ ಕೂಡಿ, ಹೊಂದಿದ್ದಕ್ಕೆ ಗುರುತು ಹಾಕಿ!'

ಇದು ಮೇಡಂ ಬರೆದುಕೊಟ್ಟಿದ್ದ ದಾರಿ. ಎರಡು ಸಂಖ್ಯೆ ಗುಣಿಸಬೇಕಾದಾಗ ಪೂರ್ತಿ ಗುಣಿಸುವುದು ಬೇಡ. ಒಂದೊಂದು ಸಂಖ್ಯೆಯ ಅಂಕಿಗಳನ್ನೂ ಒಂದೇ ಅಂಕಿ ಉಳಿಯುವ ತನಕ ಕೂಡಿ, ಉಳಿದ ಅಂಕಿಗಳನ್ನು ಗುಣಿಸಿ, ಅದನ್ನೂ ಹಾಗೇ ಕೂಡಿ. ಸರಿಯುತ್ತರದ ಅಂಕಿಗಳನ್ನು ಕೂಡಿದರೂ ಅದೇ ಬರಬೇಕು. ಬರದ ಆಯ್ಕೆ ಖಂಡಿತ ತಪ್ಪು. ಆದರೆ ಬಂದ ಆಯ್ಕೆ ಖಂಡಿತ ಸರಿ ಎಂದು ಎಲ್ಲೂ ಇಲ್ಲ. ಎರಡು ಅಂಕಿ ಅದಲುಬದಲಾದರೂ ಮೊತ್ತ ಬದಲಾಗುವುದಿಲ್ಲವಲ್ಲ. ಆದ್ದರಿಂದ ಮೇಡಂ ಬರೆದದ್ದು ಎರಡು ಸಾಲು: ಹೊಂದದ ಆಯ್ಕೆಗಳನ್ನು ಹೊಡೆದುಹಾಕಿ, ಒಂದಕ್ಕಿಂತ ಹೆಚ್ಚು ಉಳಿದರೆ ಅಂದಾಜು ಮಾಡಿ ಆರಿಸಿ. ಭಾವ ಮೊದಲ ಸಾಲನ್ನು ತಿರುಗಿಸಿ ಬರೆದರು, ಎರಡನೆಯದನ್ನು ಕೈಬಿಟ್ಟರು. ಅಷ್ಟೂ ಆಯ್ಕೆಗಳನ್ನು ಕೂಡುತ್ತ ಕೂತರೆ ಮೂವತ್ತು ಸೆಕೆಂಡು ಸಾಲುವುದಿಲ್ಲ.

ಮೇಡಂ ಕಿಟಕಿಯಲ್ಲಿ ನಿಂತು ಪೋಸ್ಟರನ್ನು ಓದಿದರು. ರಸ್ತೆ ದಾಟಿ ಹೋಗಿ ಹೇಳಬಹುದಿತ್ತು. ಅಕ್ಕನಿಗೆ ಒಂದು ಫೋನು ಮಾಡಬಹುದಿತ್ತು. ಎರಡನ್ನೂ ಮಾಡಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲಿ ಎಂದುಕೊಂಡರು. ಪ್ರಶ್ನೆಪತ್ರಿಕೆ ತಯಾರಿಸುವವರು ದಡ್ಡರಲ್ಲ ಎಂದು ಅವರಿಗೆ ಗೊತ್ತಿತ್ತು. ಒಂದು ಉಪಾಯ ಊರೆಲ್ಲ ಹರಡಿದ ಮೇಲೆ ಅದಕ್ಕೆ ಬೇಲಿ ಬರುತ್ತದೆ. ಬಂದೇ ಬಂತು. ಹೊಸ ಪತ್ರಿಕೆಗಳಲ್ಲಿ ಅಂಕಿ ಅದಲುಬದಲು ಮಾಡಿದ ಆಯ್ಕೆಗಳು ಕಾಣತೊಡಗಿದವು. ಭಾವ ಪತ್ರಿಕೆಗಳನ್ನು ಕೂತು ಬಿಡಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅವರಿಗೆ ಇದು ಕಾಣಲಿಲ್ಲ. ಮೇಡಂ ಕಾದರು. ತುಂಬಿದ ಸಭೆಯಲ್ಲಿ, ಮೈಕಿನ ಮುಂದೆ, ಅದೇ ನಗುವಿನ ನಡುವೆ ಭಾವ ಬೀಳಬೇಕು. ಅದಕ್ಕಿಂತ ಕಡಿಮೆ ಏನೂ ಅವರಿಗೆ ಬೇಕಿರಲಿಲ್ಲ.

ಹಾಗೆ ಕಾಯುತ್ತಿರುವಾಗ ಒಂದು ಸಂಜೆ ಬೆಂಚಿನ ತುದಿಯಲ್ಲಿ ಅಕ್ಕನ ಮಗಳು ಕೂತಿದ್ದಳು.

"ಅಪ್ಪನಿಗೆ ಗೊತ್ತಾ?" ಎಂದು ಮೇಡಂ ಕೇಳಿದರು.

"ಗೊತ್ತಾದ್ರೆ ಕಾಲು ಮುರೀತಾರೆ. ಅಮ್ಮನಿಗೆ ಗೊತ್ತು. ಚಿಕ್ಕಮ್ಮ, ಹೋದ ಸಲ ಎರಡೇ ಅಂಕದಲ್ಲಿ ಸೀಟು ಹೋಯ್ತು. ಈ ಸಲನೂ ಹೋದ್ರೆ ನಾನು ಅಪ್ಪನ ಕೇಂದ್ರದಲ್ಲೇ ಹಾಜರಾತಿ ಕರೀತಾ ಕೂರ್ಬೇಕು. ಅವರು ಆಗಲೇ ಕುರ್ಚಿ ನೋಡಿಟ್ಟಿದಾರೆ."

"ಎಲ್ಲಿ?"

"ಹಿಂದಿನ ಕೋಣೇಲಿ."

ಮೇಡಂ ರಫ್ ಹಾಳೆಗೆ ಕೈ ಚಾಚಿದರು.

ಮೊದಲಿಗೆ ಸಾಲಿನ ಪ್ರಶ್ನೆ. ಒಬ್ಬ ಎಡದಿಂದ ಹದಿನೈದನೆಯವನು, ಇನ್ನೊಬ್ಬ ಬಲದಿಂದ ಹನ್ನೆರಡನೆಯವನು, ಇಬ್ಬರ ನಡುವೆ ನಾಲ್ವರು. ಒಟ್ಟು ಎಷ್ಟು ಜನ? ಮಗಳು ಮೂರನ್ನೂ ಕೂಡಿ ಮೂವತ್ತೊಂದು ಎಂದು ಬರೆದಿದ್ದಳು.

"ಮೊದಲನೆಯವನು ಎಡಗಡೆ, ಎರಡನೆಯವನು ಬಲಗಡೆ ಅಂತ ಯಾರು ಹೇಳಿದ್ರು?"

"ಹಂಗೇ ಅಲ್ವಾ?"

"ದಾಟಿ ನಿಂತಿದ್ರೆ? ಹದಿನೈದು, ಹನ್ನೆರಡು ಕೂಡು, ನಡುವಿನ ನಾಲ್ವರನ್ನ ಕಳಿ, ಅವರಿಬ್ಬರನ್ನೂ ಎರಡೆರಡು ಸಲ ಎಣಿಸಿದೀಯ, ಅದಕ್ಕೆ ಎರಡು ಕಳಿ. ಇಪ್ಪತ್ತೊಂದು. ಎರಡೂ ಸಾಧ್ಯ. ಕೊನೇ ಆಯ್ಕೆ ಏನಿದೆ ಓದು."

"'ಕೊಟ್ಟ ಮಾಹಿತಿಯಿಂದ ಹೇಳಲಾಗದು.'" ಮಗಳು ಹಣೆ ಚಚ್ಚಿಕೊಂಡಳು. "ನಾನು ಆ ಆಯ್ಕೆನ ಓದೋದೇ ಇಲ್ಲ ಚಿಕ್ಕಮ್ಮ. ಸೋತವರ ಆಯ್ಕೆ ಥರ ಕಾಣುತ್ತೆ."

ಮೇಡಂ ಅವರ ತುಟಿಯ ಕೊನೆ ಒಂದಿಷ್ಟು ಸಡಿಲವಾಯಿತು. ಅವರು ಹಾಳೆ ತಿರುಗಿಸಿದರು. ಕಾರ್ಖಾನೆಯ ಕೋಷ್ಟಕ: ದಿನಕ್ಕೆ 64 ಯಂತ್ರ, 87 ದಿನ, ಒಟ್ಟು ಎಷ್ಟು? ಆಯ್ಕೆಗಳು ಕ್ರಮವಾಗಿ 5468, 5568, 5658, 5578. ಮಗಳು ಗುಣಿಸಿರಲಿಲ್ಲ. ಹಾಳೆಯ ಮೇಲಿದ್ದದ್ದು ಇಷ್ಟೇ: 64ಕ್ಕೆ ಒಂದು, 87ಕ್ಕೆ ಆರು, ಗುಣಿಸಿದರೆ ಆರು. ಮೊದಲನೆಯದರ ಮೊತ್ತ ಐದು, ಬಿಟ್ಟಳು. ಎರಡನೆಯದು ಆರು, ಗುರುತು ಹಾಕಿದಳು. ಉತ್ತರ ಸರಿ. ಆದರೆ ಮೂರನೆಯದರ ಮೊತ್ತವೂ ಆರೇ. ಎರಡನೆಯದೂ ಮೂರನೆಯದೂ ಜಾಗ ಬದಲಿಸಿಕೊಂಡಿದ್ದರೆ ಅವಳು ತಪ್ಪು ಬರೆದಿರುತ್ತಿದ್ದಳು.

ಕೆಂಪು ಪೆನ್ನು ಕಾಗದದ ಮೇಲೆ ನಿಂತಿತು. ಇಂಥ ಸರಿಯ ಪಕ್ಕದಲ್ಲಿ ಟಿಪ್ಪಣಿ ಬರೆಯುವುದೇ ಅವರ ಬದುಕು. ಬರೆದರೆ ಈ ಹುಡುಗಿ ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತಾಳೆ. ಅಪ್ಪ ರಾತ್ರೋರಾತ್ರಿ ಪೋಸ್ಟರು ಬದಲಿಸುತ್ತಾರೆ. ಮುಂದಿನ ಭಾನುವಾರ ಅದನ್ನೂ ತಮ್ಮದೇ ಎಂದು ಹಲಗೆಯ ಮೇಲೆ ಆಡುತ್ತಾರೆ. ಇಷ್ಟು ದಿನ ಕಾದದ್ದು ನೀರುಪಾಲು.

ಮೇಡಂ ಒಂದು ಸರಿ ಗುರುತು ಹಾಕಿ ಹಾಳೆ ಮಗುಚಿದರು.

"'ಆದ್ರೆ' ಇಲ್ವಾ ಚಿಕ್ಕಮ್ಮ?" ಮಗಳಿಗೆ ಆಶ್ಚರ್ಯ.

"ಇಲ್ಲ."

"ಅಬ್ಬ! ಬೆಂಚಿನವರಿಗೆಲ್ಲ ಹೇಳ್ತೀನಿ, ಆದ್ರೆ ಇಲ್ಲದ ಸರಿ ನನಗೊಬ್ಬಳಿಗೇ ಸಿಕ್ತು ಅಂತ."

ಅವಳು ಕುಣಿಯುತ್ತ ಮೆಟ್ಟಿಲಿಳಿದಳು. ಮೇಡಂ ಮುಂದಿನವನನ್ನು ಕರೆದರು.

ಮುಂದಿನ ಅಣಕು ಪರೀಕ್ಷೆಯ ನಂತರ ಮಗಳು ಬಂದಾಗ ಕುಣಿಯುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂರಲೂ ಇಲ್ಲ. ನಿಂತೇ ಕಾಗದವನ್ನು ಮೇಜಿನ ಮೇಲಿಟ್ಟಳು. 48 ಗುಣಿಸು 76. ಆಯ್ಕೆಗಳು 3568, 3468, 3648, 3658. ಅವಳು ಎರಡನೆಯದಕ್ಕೆ ಗುರುತು ಹಾಕಿದ್ದಳು. ಉತ್ತರ ಮೂರನೆಯದು. ಅದೇ ಬಗೆಯ ತಪ್ಪು ಇನ್ನೆರಡು ಕಡೆ. ತಪ್ಪಿಗೆ ಅಂಕ ಕಳೆಯುವ ಪರೀಕ್ಷೆ ಅದು. ಹೋದ ಸಲ ಸೀಟು ತಪ್ಪಿಸಿದ ಅಂಕಗಳಿಗಿಂತ ಹೆಚ್ಚು ಇಲ್ಲೇ ಸೋರಿತ್ತು.

"ಇದೇ ದಾರಿಗೆ ಹೋದ ವಾರ ಸರಿ ಹಾಕಿದ್ದೆ," ಎಂದಳು.

"ಹೂಂ."

"ಅಂಕಿ ಕೂಡಿದೆ. ಮೂರು ಬರ್ಬೇಕು. ಎರಡನೆಯದು ಮೂರು ಬಂತು. ಗುರುತು ಹಾಕಿದೆ. ಎಲ್ಲಿ ತಪ್ಪಿದೆ ಹೇಳು."

"ಮೂರನೆಯದನ್ನ ಕೂಡು."

ಮಗಳು ನಿಂತಲ್ಲೇ ಕೂಡಿದಳು. ತುಟಿ ಅಲುಗಿತು, ನಿಂತಿತು. "ಇದೂ ಮೂರು."

"ನಾಲ್ಕು, ಆರು ಜಾಗ ಬದಲಾಯಿಸಿಕೊಂಡಿವೆ, ಅಷ್ಟೇ. ಮೊತ್ತ ಎಲ್ಲಿ ಬದಲಾಗುತ್ತೆ? ಇದು ಕಳ್ಳನ್ನ ಹಿಡಿಯೋ ದಾರಿ ಅಲ್ಲ, ಕಳ್ಳ ಅಲ್ಲದವರನ್ನ ಮನೆಗೆ ಕಳಿಸೋ ದಾರಿ. ಇಬ್ಬರು ಉಳಿದ್ರೆ ಅಂದಾಜು ಮಾಡ್ಬೇಕು. ಐವತ್ತು ಎಪ್ಪತ್ತಾರಲ ಮೂರು ಸಾವಿರದ ಎಂಟುನೂರು. ಅದರಲ್ಲಿ ಎರಡು ಎಪ್ಪತ್ತಾರು ಕಳಿ, ನೂರೈವತ್ತೆರಡು. ಮೂರು ಸಾವಿರದ ಆರುನೂರ ನಲವತ್ತೆಂಟು. ಇಲ್ಲಿ ಅಂಕಿ ಕೂಡೋದಕ್ಕಿಂತ ಇದೇ ಬೇಗ."

ಮಗಳು ಹಾಳೆಯನ್ನು ನೋಡುತ್ತಿರಲಿಲ್ಲ. ಚಿಕ್ಕಮ್ಮನ ಮುಖ ನೋಡುತ್ತಿದ್ದಳು. "ಇದು ನಿನಗೆ ಹೋದ ವಾರ ಗೊತ್ತಿರ್ಲಿಲ್ವಾ?"

ಬೆಂಚಿನವರೂ ಇತ್ತ ತಿರುಗಿದರು.

"ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

ಮೇಡಂ ಕಿಟಕಿಯ ಕಡೆ ನೋಡಿದರು. ಮಗಳೂ ನೋಡಿದಳು. ಎದುರು ಗೋಡೆಯ ಮೇಲೆ ಅಪ್ಪ ಬೆರಳು ಎತ್ತಿ ನಿಂತಿದ್ದರು. ಅವಳು ಅಂಥ ದಡ್ಡಿಯಲ್ಲ.

"ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ನಾನು ಕೊತ್ತಿನಾ ಚಿಕ್ಕಮ್ಮ? ಅಪ್ಪ ಒಂದು ಸಾಲು ಬಿಟ್ರು. ನೀನೂ ಅದೇ ಸಾಲು ಬಿಟ್ಟೆ. ಅವರಾದ್ರೂ ಅದರ ಬೆಲೆ ಗೊತ್ತಿಲ್ದೆ ಬಿಟ್ರು."

ಮೇಡಂ ಹಿಂದಿನ ವಾರದ ಹಾಳೆ ಕೇಳಿ ಪಡೆದರು. 5568ರ ಪಕ್ಕದ ಸರಿ ಗುರುತಿನ ಮುಂದೆ 'ಆದ್ರೆ' ಎಂದು ಬರೆದು, ಬಿಟ್ಟಿದ್ದ ಟಿಪ್ಪಣಿಯನ್ನು ಪೂರ್ತಿ ಮಾಡಿದರು. ಅರವತ್ನಾಲ್ಕು ಗುಣಿಸು ತೊಂಬತ್ತು, ಅದರಲ್ಲಿ ಅರವತ್ನಾಲ್ಕರ ಮೂರರಷ್ಟು ಕಳಿ. ಬರೆದು ಮುಗಿಸಿ ಹೇಳಿದರು:

"ಹೋಗಿ ಅಪ್ಪನಿಗೂ ಹೇಳು. ನಾನೇ ಹೇಳಿದೆ ಅಂತ ಹೇಳು."

ಹಾಗೆ ಹೇಳುವಾಗ ಅವರ ಮನಸ್ಸು ಶುದ್ಧವಾಗಿತ್ತೆಂದು ಅವರೂ ವಾದಿಸುವುದಿಲ್ಲ. ತಮ್ಮ ಹೆಸರು ಕೇಳಿದರೆ ಭಾವ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬ ನಂಬಿಕೆ ಆ ಮಾತಿನ ಅಡಿಯಲ್ಲಿತ್ತು. ಹೆಸರು ಹೇಳದೆ ಕಳಿಸಿದ್ದರೆ ಭಾವ ಒಂದು ಸಲ ಯೋಚಿಸುತ್ತಿದ್ದರೋ ಏನೋ.

ಮರುದಿನ ಮಗಳು ಉತ್ತರ ತಂದಳು. ಅಪ್ಪ ಊಟದ ತಟ್ಟೆಯಿಂದ ತಲೆಯೆತ್ತದೆ ಹೇಳಿದ್ದರಂತೆ: "ಹೊಟ್ಟೆಕಿಚ್ಚಿಗೆ ಔಷಧ ಇಲ್ಲ ಮಗಳೇ. ನೂರಾರು ಜನ ಇದೇ ದಾರೀಲಿ ಪಾಸಾಗಿದಾರೆ. ಅವಳಿಗೆ ಷರತ್ತು ಹಾಕೋ ರೋಗ."

"ಹಂಗಂದ್ರಾ," ಎಂದರು ಮೇಡಂ. ಅವರ ದನಿಯಲ್ಲಿ ಒಂದು ತೃಪ್ತಿಯಿತ್ತು. ಮಗಳು ಅದನ್ನು ಗುರುತಿಸಿದಳು.

ಭಾವನ ಕೇಂದ್ರದಲ್ಲಿ ತಿಂಗಳಿಗೊಂದು ಭಾನುವಾರ ಬಹಿರಂಗ ಸವಾಲು ಇರುತ್ತದೆ. ಯಾರು ಬೇಕಾದರೂ ಬರಬಹುದು. ಬಾಗಿಲಲ್ಲಿ ಚೀಟಿಗಳನ್ನು ಕೊಡುತ್ತಾರೆ, ಪ್ರಶ್ನೆಯನ್ನೂ ನಾಲ್ಕು ಆಯ್ಕೆಯನ್ನೂ ಬರೆದು ಡಬ್ಬಿಗೆ ಹಾಕಬೇಕು. ಭಾವ ಒಂದೊಂದನ್ನೇ ಎತ್ತಿ, ಹಲಗೆಯ ಮೇಲೆ ಬರೆದು, ಮೂವತ್ತು ಸೆಕೆಂಡಿನಲ್ಲಿ ಬಿಡಿಸುತ್ತಾರೆ. ಗೋಡೆಯ ಮೇಲೆ ದೊಡ್ಡ ಗಡಿಯಾರ ಓಡುತ್ತದೆ. ಕೇಂದ್ರಕ್ಕೆ ಹೊಸಬರು ಸೇರುವುದು ಈ ಭಾನುವಾರಗಳಿಂದಲೇ.

ಆ ವಾರವಿಡೀ ಮೇಡಂ ಒಂದು ಪ್ರಶ್ನೆ ಕಟ್ಟಿದರು. ಪ್ರಶ್ನೆ ಸುಲಭವಾಗಿಯೇ ಇರಬೇಕು, ಇಲ್ಲದಿದ್ದರೆ ಭಾವ ಎಚ್ಚರವಾಗುತ್ತಾರೆ. ಹೊಲಿಯುವವರು ಬಟ್ಟೆಯನ್ನು ಅಳೆದಂತೆ ಅವರು ಆಯ್ಕೆಗಳನ್ನು ಅಳೆದರು. ಭಾನುವಾರ, ಬಿಟ್ಟು ಬಂದ ಆ ಕಟ್ಟಡಕ್ಕೆ ಮೊದಲ ಸಲ ರಸ್ತೆ ದಾಟಿ ಹೋದರು. ಚೀಟಿ ಬರೆದು ಡಬ್ಬಿಗೆ ಹಾಕಿ ಹಿಂದಿನ ಸಾಲಿನಲ್ಲಿ ಕೂತರು. ಅಕ್ಕ ದೂರದಿಂದ ನೋಡಿ ಅರ್ಧ ಕೈ ಎತ್ತಿದರು. ತಂಗಿ ತಲೆ ಆಡಿಸಿದರು, ಅಷ್ಟೇ.

ಏಳೆಂಟು ಚೀಟಿಗಳು ಆದವು. ಭಾವ ಅಂದು ಒಳ್ಳೆಯ ಹುರುಪಿನಲ್ಲಿದ್ದರು. ಪ್ರತಿ ಉತ್ತರಕ್ಕೂ ಚಪ್ಪಾಳೆ. ಆಮೇಲೆ ಮಡಿಸಿದ ಇನ್ನೊಂದು ಚೀಟಿ ಬಿಚ್ಚಿ ಗಟ್ಟಿಯಾಗಿ ಓದಿದರು: "ವೃತ್ತ ನಕ್ಷೆ. ಗ್ರಂಥಾಲಯಕ್ಕೆ ಒಟ್ಟು 7200 ಓದುಗರು. ಶೇಕಡಾ 37 ಜನ ಬೆಳಿಗ್ಗೆ ಬರುತ್ತಾರೆ. ಎಷ್ಟು ಜನ? ಅಯ್ಯೋ, ಇದನ್ನ ಯಾರಪ್ಪ ಬರೆದದ್ದು? ನನ್ನ ಮೇಲೆ ಇಷ್ಟು ಕನಿಕರ!"

ಸಭೆ ನಕ್ಕಿತು. ಅವರು ಆಯ್ಕೆಗಳನ್ನು ಹಲಗೆಗೆ ಏರಿಸಿದರು: 2574, 2646, 2664, 2754. ಗಡಿಯಾರ ಓಡಿತು.

"ಗುಣಿಸಬೇಡಿ! ಪೋಸ್ಟರ್ ಏನನ್ನುತ್ತೆ? ಎಪ್ಪತ್ತೆರಡು, ಏಳು ಎರಡು ಒಂಬತ್ತು. ಮೂವತ್ತೇಳು, ಒಂದು. ಒಂಬತ್ತೊಂದಲ ಒಂಬತ್ತು. ಮೊದಲನೆಯದು ಎರಡು, ಐದು, ಏಳು, ನಾಲ್ಕು, ಹದಿನೆಂಟು. ಒಂಬತ್ತು! ಸಿಕ್ತು!" ಮೊದಲ ಆಯ್ಕೆಯ ಸುತ್ತ ವೃತ್ತ ಎಳೆದು ಗಡಿಯಾರಕ್ಕೆ ಬೆರಳು ತೋರಿಸಿದರು. "ಹನ್ನೊಂದು ಸೆಕೆಂಡ್. ಉಳಿದ ಹತ್ತೊಂಬತ್ತರಲ್ಲಿ ಟೀ ಕುಡಿದು ಬನ್ನಿ."

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಮೇಡಂ ಕುರ್ಚಿಯ ಕೈ ಹಿಡಿದು ಏಳತೊಡಗಿದರು. ಹೇಳಬೇಕಾದ ಮಾತು ಎಂದೋ ಬಾಯಿಪಾಠವಾಗಿತ್ತು. ಆದರೆ ಅವರು ಪೂರ್ತಿ ಏಳುವ ಮೊದಲೇ ನಡುವಿನ ಸಾಲಿನಲ್ಲಿ ಮಗಳು ಎದ್ದು ನಿಂತಳು. ನಿಲ್ಲುವ ಮುಂಚೆ ಒಮ್ಮೆ ಹಿಂದೆ ತಿರುಗಿ ಚಿಕ್ಕಮ್ಮನನ್ನು ನೋಡಿದ್ದಳು. ಚೀಟಿ ಯಾರದೆಂದು ಅವಳಿಗೆ ಆಯ್ಕೆಗಳನ್ನು ನೋಡುತ್ತಲೇ ತಿಳಿದಿತ್ತು.

"ಅಪ್ಪ, ಎರಡನೆಯದನ್ನೂ ಕೂಡಿ ನೋಡಿ."

"ಬೇಡಮ್ಮ, ಸಿಕ್ಕಿ ಆಯ್ತಲ್ಲ."

"ಒಂದ್ಸಲ ಕೂಡಿ."

ಭಾವ ನಗುತ್ತಲೇ ಕೂಡಿದರು. ಒಂಬತ್ತು. ನಗು ಸ್ವಲ್ಪ ಸಣ್ಣದಾಯಿತು. ಮೂರನೆಯದು, ಒಂಬತ್ತು. ನಾಲ್ಕನೆಯದನ್ನು ಅವರು ಗಟ್ಟಿಯಾಗಿ ಕೂಡಲಿಲ್ಲ. ಅವರ ಬದಲು ಮುಂದಿನ ಸಾಲುಗಳೇ ಒಟ್ಟಿಗೆ ಕೂಗಿದವು: "ಒಂಬತ್ತು!"

"ಒಂಬತ್ತರಿಂದ ಭಾಗವಾಗೋ ಸಂಖ್ಯೆ ಗುಣಿಸಿದ್ರೆ ಮೊತ್ತ ಯಾವಾಗ್ಲೂ ಒಂಬತ್ತೇ ಅಪ್ಪ. ಆಯ್ಕೆಗಳೂ ಹಂಗೇ ಇದ್ರೆ ಪೋಸ್ಟರಿನ ಪ್ರಕಾರ ನಾಲ್ಕೂ ಸರಿ."

"ನೋಡಿದ್ರಾ," ಭಾವ ಸಭೆಯ ಕಡೆ ತಿರುಗಿದರು, "ಇದನ್ನ ತೋರಿಸೋಕೇ ನಾನು ಬೇಕಂತ..."

"ಸರ್, ಟೀ ಆರಿ ಹೋಯ್ತು!" ಎಂದು ಯಾರೋ ಕೂಗಿದರು. ಸಭಾಂಗಣ ನಕ್ಕಿತು. ಅದೇ ನಗು, ಅದೇ ಸಭಾಂಗಣ. ಮೊದಲ ಸಾಲಿನಲ್ಲಿ ಅಕ್ಕ ತಲೆ ತಗ್ಗಿಸಿದರು. ಮೇಡಂ ಅಕ್ಕನ ಭುಜವನ್ನೇ ನೋಡಿದರು. ಈ ಸಲ ಅದು ಅಲುಗಲಿಲ್ಲ.

"ಹಾಗಾದ್ರೆ ಸರಿ ಯಾವುದು?" ಭಾವ ಕೇಳಿದರು. ದನಿಯಲ್ಲಿ ಮೋಡಿಯಿರಲಿಲ್ಲ.

"ಮೂರನೆಯದು. ಮೂವತ್ತೇಳು ಮೂರಲ ನೂರಹನ್ನೊಂದು. ಎಪ್ಪತ್ತೆರಡರಲ್ಲಿ ಇಪ್ಪತ್ನಾಲ್ಕು ಮೂರು ಇವೆ. ನೂರಹನ್ನೊಂದು ಗುಣಿಸು ಇಪ್ಪತ್ನಾಲ್ಕು, ಎರಡು ಸಾವಿರದ ಆರುನೂರ ಅರವತ್ನಾಲ್ಕು. ಏಳು ಸೆಕೆಂಡ್ ಸಾಕು."

ಭಾವ ಚೀಟಿಯನ್ನು ತಿರುಗಿಸಿ ನೋಡಿದರು. ಅಕ್ಷರ ಗುರುತು ಸಿಕ್ಕಿರಬೇಕು, ಆದರೂ ಕೇಳಿದರು. "ಇದು ಯಾರ ಪ್ರಶ್ನೆ?"

ಈಗ ಮೇಡಂ ಪೂರ್ತಿ ಎದ್ದರು. "ನಂದು ಭಾವ. ಷರತ್ತು ಹಾಕೋಳದ್ದು."

ಅಷ್ಟೇ ಹೇಳಿ ಹೊರಟರು. ಬಾಯಿಪಾಠ ಮಾಡಿದ ಉಳಿದ ಮಾತು ಬೇಕಾಗಲಿಲ್ಲ. ರಸ್ತೆ ದಾಟುವಾಗ ಅವರ ಹೆಜ್ಜೆ ಹಗುರವಾಗಿತ್ತು ಎಂದು ಕೆಳಗಿನ ಟೀ ಅಂಗಡಿಯವರು ಹೇಳುತ್ತಾರೆ. ಅಂದು ಅವರು ಸಕ್ಕರೆ ಹೆಚ್ಚು ಹಾಕಿಸಿಕೊಂಡು ಎರಡು ಲೋಟ ಟೀ ಕುಡಿದರಂತೆ.

ಪೋಸ್ಟರು ಇಳಿಯಿತು. ಗೋಡೆ ಕೆಲ ದಿನ ಬೋಳಾಗಿತ್ತು. ಮಹಡಿಯ ಬೆಂಚು ಸಾಲದೆ ವಿದ್ಯಾರ್ಥಿಗಳು ಮೆಟ್ಟಿಲ ಮೇಲೂ ಕೂರತೊಡಗಿದರು. ಒಂದು ಸಂಜೆ ಆ ಮೆಟ್ಟಿಲಿನ ಸಾಲಿನಲ್ಲಿ ಭಾವ ನಿಂತಿದ್ದರು, ಕೈಯಲ್ಲಿ ಹೊಸ ಪೋಸ್ಟರಿನ ಕರಡು. ವಿದ್ಯಾರ್ಥಿಗಳು ಸಂಕೋಚಪಟ್ಟು ದಾರಿ ಬಿಟ್ಟರು. ಮೇಡಂ ತಲೆಯೆತ್ತದೆ ಹೇಳಿದರು:

"ಸಾಲು ಸಾಲೇ. ಯಾರೂ ಜಾಗ ಬಿಡಬೇಡಿ."

ಅವರಿಗಿಂತ ಮುಂದಿದ್ದವರೆಲ್ಲ ಮುಗಿದ ಮೇಲೆ ಭಾವನ ಸರದಿ ಬಂತು. ಸ್ಟೂಲು ಅವರಿಗೆ ಚಿಕ್ಕದು.

"ಎರಡನೇ ಸಾಲು ಸೇರಿಸಿದೀನಿ. ನೋಡಿಬಿಡು. ಇನ್ನೊಂದ್ಸಲ ನಗೆಪಾಟಲಾಗೋದು ಬೇಡ."

"ರಫ್ ಹಾಳೆ?"

"ಏನು?"

"ಉದಾಹರಣೆ ಹಾಕಿದೀರಲ್ಲ. ಅದನ್ನ ಬಿಡಿಸಿದ ರಫ್ ಹಾಳೆ. ಇಲ್ದಿದ್ರೆ ನಾನು ನೋಡಲ್ಲ ಭಾವ, ಎಲ್ಲರಿಗೂ ಒಂದೇ ನಿಯಮ."

 ಭಾವ ಜೇಬಿನಿಂದ ಪೆನ್ನು ತೆಗೆದು, ಎಲ್ಲರ ಮುಂದೆ, ಒಂದೊಂದು ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತ ಬಿಡಿಸಿದರು. ಮೇಡಂ ಎಲ್ಲೂ ಅವಸರ ಮಾಡಲಿಲ್ಲ. ಮುಗಿದ ಮೇಲೆ ಕರಡನ್ನು ಹತ್ತಿರಕ್ಕೆ ಎಳೆದುಕೊಂಡರು.

"ಸರಿ, ಆದ್ರೆ ಎರಡನೇ ಸಾಲಿನ ಅಕ್ಷರ ಮೊದಲನೇ ಸಾಲಿನಷ್ಟೇ ದಪ್ಪ ಇರ್ಬೇಕು. ಚಿತ್ರ ಸಣ್ಣದು ಮಾಡಿದ್ರೆ ಜಾಗ ಸಿಗುತ್ತೆ."

"ನನ್ನ ಚಿತ್ರನಾ?"

"ಬೆರಳು ಉಳಿಸ್ಕೊಳ್ಳಿ ಬೇಕಾದ್ರೆ."

ಭಾವ ಬಾಗಿಲ ತನಕ ಹೋಗಿ ತಿರುಗಿದರು. "ಸಾಕಾಯ್ತಾ ನಿನಗೆ?"

ಮೇಡಂ ನಿಜವಾಗಿ ಯೋಚಿಸಿದರು. "ಇನ್ನೂ ಇಲ್ಲ," ಎಂದು ಹೇಳಿ ಮುಂದಿನವಳನ್ನು ಕರೆದರು.

ಮುಂದಿನವಳು ಮಗಳು. ಈಗ ಅವಳು ಮರೆಯಿಲ್ಲದೆ ಬರುತ್ತಾಳೆ. ಪರೀಕ್ಷೆ ಹತ್ತಿರದಲ್ಲಿದೆ, ಅಂಕ ಮೇಲೇರಿದೆ, 'ಹೇಳಲಾಗದು' ಆಯ್ಕೆಯನ್ನೂ ಓದುತ್ತಾಳೆ. ಚಿಕ್ಕಮ್ಮನ ಜೊತೆ ನಗುತ್ತಾಳೆ, ಮೊದಲಿನಂತೆಯೇ ಕಾಲೆಳೆಯುತ್ತಾಳೆ. ಅಂದು ಅವಳ ಹಾಳೆಯ ಮೊದಲ ಉತ್ತರ ಸರಿಯಾಗಿತ್ತು. ದಾರಿಯೂ ಸರಿ, ವೇಗವೂ ಸರಿ. ಮೇಡಂ ಬರೀ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದರು.

ಮಗಳು ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಪೆನ್ಸಿಲು ತೆಗೆದು, ಚಿಕ್ಕಮ್ಮ ಸರಿ ಹಾಕಿದ ಲೆಕ್ಕವನ್ನು ಮೊದಲಿನಿಂದ ಇನ್ನೊಮ್ಮೆ ಮಾಡಿದಳು. ನಾಲ್ಕು ಆಯ್ಕೆಗಳನ್ನೂ ಕೂಡಿದಳು. ಆಮೇಲೆ ಹಾಳೆ ವಾಪಸ್ಸು ಕೊಟ್ಟಳು.

ಈಗ ಅವಳು ಪ್ರತಿ ಗುರುತಿಗೂ ಹೀಗೇ ಮಾಡುತ್ತಾಳೆ. ಅವಳು ಮುಗಿಸುವ ತನಕ ಮೇಡಂ ಪೆನ್ನಿನ ಮುಚ್ಚಳ ಹಾಕಿ ಕಾಯುತ್ತಾರೆ.